ಮಗುವಿನ ಎದೆಯಲ್ಲಿ ‘ಸದ್ದು ಇದೆ’ ಅಂದರು: ಎಕೋ ಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಸುತ್ತಲಿನ ತಾಲ್ಲೂಕುಗಳಿಂದ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಹೆಚ್ಚಿನವರು ಬರುವುದು ಒಂದೇ ರೀತಿ. ಜ್ವರ ಕೆಮ್ಮಿಗೆ ಎಲ್ಲೋ ತೋರಿಸಿರುತ್ತಾರೆ, ಇಲ್ಲವೇ ಶಾಲೆಗೆ ಬಂದ ತಪಾಸಣಾ ತಂಡದ ಡಾಕ್ಟರು ಎದೆ ಪರೀಕ್ಷಿಸಿ ಚೀಟಿಯಲ್ಲಿ ‘ಮರ್ಮರ್, ಎಕೋ ಮಾಡಿಸಿ’ ಎಂದು ಬರೆದಿರುತ್ತಾರೆ. ಮರ್ಮರ್ ಎಂದರೆ ಎದೆಯಲ್ಲಿ ಕೇಳುವ ಆ ಸದ್ದು, ಎಕೋ ಎಂದರೆ ಹೃದಯದ ಸ್ಕ್ಯಾನ್. ಆ ಚೀಟಿ ಕೈಗೆ ಬಂದ ರಾತ್ರಿಯಿಂದ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಇಲ್ಲಿ ಬರೆದಿರುವುದು ಹೆಚ್ಚಾಗಿ ಒಂದು ವರ್ಷ ದಾಟಿ, ಓಡಾಡಿಕೊಂಡು ಆಡಿಕೊಂಡಿರುವ ಮಕ್ಕಳ ಬಗ್ಗೆ. ಹಸುಗೂಸುಗಳ ಲೆಕ್ಕ ಬೇರೆ, ಅದನ್ನು ಬೇರೆಯಾಗಿಯೇ ಹೇಳಿದ್ದೇನೆ.

ಮರ್ಮರ್ ಅಂದರೆ ಹೃದಯದಲ್ಲಿ ತೂತು ಇದೆ ಅಂತಲಾ?

ಅಲ್ಲ. ಹೃದಯ ಬಡಿಯುವಾಗ ಕೇಳಿಸುವ ‘ಲಬ್ ಡಬ್’ ಎಂಬುದು ಕವಾಟಗಳು ಮುಚ್ಚಿಕೊಳ್ಳುವ ಸದ್ದು. ಆ ಎರಡರ ನಡುವೆ ರಕ್ತ ಹರಿಯುವ ಸದ್ದೂ ಕಿವಿಗೆ ಬಿದ್ದರೆ ಅದನ್ನು ಮರ್ಮರ್ ಅನ್ನುತ್ತೇವೆ. ತೂತಿನ ಮೂಲಕ ರಕ್ತ ನುಗ್ಗಿದರೂ ಅದು ಕೇಳುತ್ತದೆ, ಏನೂ ತೊಂದರೆಯಿಲ್ಲದ ಹೃದಯದಿಂದ ರಕ್ತ ಜೋರಾಗಿ ಹೊರಟರೂ ಕೇಳುತ್ತದೆ. ಮಕ್ಕಳ ಎದೆಗೂಡು ತೆಳು, ಹೃದಯ ಸ್ಟೆತೊಸ್ಕೋಪಿಗೆ ತೀರಾ ಹತ್ತಿರ, ಬಡಿತವೂ ದೊಡ್ಡವರಿಗಿಂತ ವೇಗ. ಹಾಗಾಗಿ ದೊಡ್ಡವರಲ್ಲಿ ಕೇಳಿಸದೇ ಹೋಗುವ ಹರಿವು ಮಕ್ಕಳಲ್ಲಿ ಕೇಳಿಸುತ್ತದೆ.

ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಬಾಲ್ಯದ ಒಂದಲ್ಲ ಒಂದು ಹಂತದಲ್ಲಿ ಇಂಥ ಸದ್ದು ಸಿಗುತ್ತದೆ. ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ದೋಷವಿರುವ ಮಕ್ಕಳು 1000ಕ್ಕೆ 8ರಿಂದ 10 ಮಾತ್ರ. ಸದ್ದು ಇರುವ ಮಕ್ಕಳಲ್ಲಿ ಬಹುಪಾಲಿನವರ ಹೃದಯ ಸರಿಯಾಗಿಯೇ ಇದೆ ಎಂಬುದು ಈ ಎರಡು ಲೆಕ್ಕಗಳಿಂದಲೇ ಗೊತ್ತಾಗುತ್ತದೆ. ಇಂಥ ನಿರಪಾಯ ಸದ್ದು ಕಾಯಿಲೆಯಲ್ಲ, ಮುಂದೆ ಕಾಯಿಲೆಯಾಗಿ ತಿರುಗುವುದೂ ಇಲ್ಲ.

ನಿರಪಾಯ ಸದ್ದು ಹೇಗಿರುತ್ತದೆ?

ಎರಡರಿಂದ ಏಳು ವರ್ಷದ ಮಕ್ಕಳಲ್ಲಿ ನಾವು ಅತಿ ಹೆಚ್ಚು ಕೇಳುವುದು ‘ಸ್ಟಿಲ್ಸ್ ಮರ್ಮರ್’. ಇಂಗ್ಲೆಂಡಿನ ಮಕ್ಕಳ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ 1909ರಲ್ಲಿ ಇದನ್ನು ವಿವರಿಸಿದರು. ಎದೆಮೂಳೆಯ ಎಡಬದಿಯಲ್ಲಿ, ಸ್ವಲ್ಪ ಕೆಳಗೆ, ತಂಬೂರಿಯ ತಂತಿ ಮೀಟಿದಂಥ ನಾದ. ಒರಟಾಗಿ ಇರುವುದಿಲ್ಲ, ‘ಉಸ್ಸ್’ ಎಂದು ಗಾಳಿ ನುಗ್ಗಿದಂತೆಯೂ ಇರುವುದಿಲ್ಲ. ಲಬ್ ಆದಮೇಲೆ ಹುಟ್ಟಿ, ಡಬ್ ಬರುವ ಮೊದಲೇ ಮುಗಿದುಹೋಗುತ್ತದೆ. ಸ್ಟೆತೊಸ್ಕೋಪಿನ ಚಿಕ್ಕ ಬದಿಯನ್ನು, ಅಂದರೆ ಬೆಲ್ಲನ್ನು, ಹಗುರವಾಗಿ ಇಟ್ಟರೆ ಚೆನ್ನಾಗಿ ಕೇಳುತ್ತದೆ.

ಇನ್ನೊಂದು ಕತ್ತಿನ ರಕ್ತನಾಳದ ಸದ್ದು. ಮಗು ಕೂತಿರುವಾಗ ಬಲ ಕಾಲರ್ ಮೂಳೆಯ ಕೆಳಗೆ ಬಿಡದೆ ಗುಂಯ್‌ಗುಡುತ್ತಿರುತ್ತದೆ. ಬಿಡದೆ ಕೇಳುವ ಸದ್ದು ಎಂದಾಗ ಡಾಕ್ಟರಿಗೂ ಒಂದು ಕ್ಷಣ ಅನುಮಾನ ಬರುತ್ತದೆ. ಮಗುವನ್ನು ಮಲಗಿಸಿದರೆ, ತಲೆ ಪಕ್ಕಕ್ಕೆ ತಿರುಗಿಸಿದರೆ, ಅಥವಾ ಕತ್ತಿನ ಆ ಭಾಗವನ್ನು ಬೆರಳಿಂದ ಮೆಲ್ಲಗೆ ಒತ್ತಿದರೆ ಅದು ಪಟ್ಟನೆ ನಿಂತುಹೋಗುತ್ತದೆ. ಹಾಗೆ ನಿಂತರೆ ಮಾತು ಅಲ್ಲಿಗೆ ಮುಗಿಯಿತು.

ಮೆಷಿನ್ ಇಲ್ಲದೆ, ಬರೀ ಕಿವಿಯಲ್ಲಿ ಕೇಳಿ ‘ಏನೂ ಇಲ್ಲ’ ಎಂದು ಹೇಗೆ ಹೇಳುತ್ತೀರಿ?

ಎಲ್ಲರಿಗೂ ಇರುವ ಅನುಮಾನ ಇದೇ, ನ್ಯಾಯವಾದದ್ದೂ ಹೌದು. ಒಂದು ಮಗುವಿನ ವಿಷಯವನ್ನು ಪೂರ್ತಿ ಹೇಳುತ್ತೇನೆ.

ಆಲೂರು ಕಡೆಯ ನಾಲ್ಕು ವರ್ಷದ ಹುಡುಗ. 102 ಡಿಗ್ರಿ ಜ್ವರದಲ್ಲಿ ಬೇರೆ ಕಡೆ ತೋರಿಸಿದಾಗ ‘ಗ್ರೇಡ್ 3 ಮರ್ಮರ್’ ಎಂದು ಬರೆದಿದ್ದರು. ಜ್ವರ ಬಿಟ್ಟು ಎರಡು ವಾರ ಆದಮೇಲೆ ನನ್ನ ಹತ್ತಿರ ಬಂದ. ಸ್ಟೆತೊಸ್ಕೋಪ್ ಮುಟ್ಟುವ ಮೊದಲೇ ಅರ್ಧ ಕೆಲಸ ಆಗಿತ್ತು. ಹುಟ್ಟಿದಾಗ ತೂಕ ಸರಿಯಿತ್ತು, ಹಾಲು ಕುಡಿಯಲು ಎಂದೂ ತೊಂದರೆಯಾಗಿಲ್ಲ, ಪದೇ ಪದೇ ನ್ಯುಮೋನಿಯಾ ಆಗಿಲ್ಲ, ಅಣ್ಣನ ಜೊತೆ ತೋಟದಲ್ಲಿ ದಿನವಿಡೀ ಓಡುತ್ತಾನೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹಠಾತ್ತನೆ ತೀರಿಕೊಂಡವರು ಯಾರೂ ಇಲ್ಲ. ತೂಕ 15.5 ಕಿಲೋ, ವಯಸ್ಸಿಗೆ ಸರಿ.

ಆಮೇಲೆ ಕೈಯಲ್ಲಿ ನಾಡಿ, ತೊಡೆಸಂದಿನಲ್ಲಿ ನಾಡಿ. ತೊಡೆಸಂದಿಯನ್ನು ಯಾಕೆ ಮುಟ್ಟುತ್ತೀರಿ ಎಂದು ಆ ಅಮ್ಮ ಕೇಳಿದರು. ಹೃದಯದಿಂದ ಹೊರಡುವ ಮಹಾಧಮನಿ ಮುಂದೆ ಎಲ್ಲಾದರೂ ಕಿರಿದಾಗಿದ್ದರೆ ಕೈಯ ನಾಡಿ ಜೋರಾಗಿರುತ್ತದೆ, ತೊಡೆಸಂದಿನದು ಮಂಕಾಗಿರುತ್ತದೆ ಅಥವಾ ಸಿಗುವುದೇ ಇಲ್ಲ. ಆತುರದ ತಪಾಸಣೆಯಲ್ಲಿ ತಪ್ಪಿಹೋಗುವ ದೋಷಗಳಲ್ಲಿ ಇದೂ ಒಂದು. ಈ ಹುಡುಗನಲ್ಲಿ ಎರಡೂ ಸಮ. ಬೆರಳಿಗೆ ಹಾಕಿದ ಆಕ್ಸಿಮೀಟರಿನಲ್ಲಿ 98. ರಕ್ತದೊತ್ತಡ ಸರಿ. ಎದೆಯ ಮೇಲೆ ಅಂಗೈ ಇಟ್ಟರೆ ಯಾವ ಅದುರುವಿಕೆಯೂ ಇಲ್ಲ. ಹೊಟ್ಟೆಯಲ್ಲಿ ಲಿವರ್ ಊದಿಲ್ಲ.

ಈಗ ಕಿವಿಯ ಕೆಲಸ. ಮಲಗಿಸಿ ಕೇಳಿದಾಗ ಎಡ ಕೆಳಬದಿಯಲ್ಲಿ ಆ ನಾದ ಸ್ಪಷ್ಟವಾಗಿತ್ತು, ಗ್ರೇಡ್ 2. ಕೂರಿಸಿದೆ, ಅರ್ಧಕ್ಕೆ ಇಳಿಯಿತು. ನೆಲಕ್ಕೆ ಇಳಿಸಿ ನಿಲ್ಲಿಸಿದೆ, ಇದೆಯೋ ಇಲ್ಲವೋ ಎಂಬಷ್ಟಾಯಿತು. ನಿಂತಾಗ ಕಾಲಿನಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಹೃದಯ ಒಂದೊಂದು ಸಲಕ್ಕೆ ಹೊರಹಾಕುವ ರಕ್ತವೂ ಕಡಿಮೆಯಾಗುತ್ತದೆ, ಹರಿವಿನಿಂದ ಮಾತ್ರ ಹುಟ್ಟಿದ ಸದ್ದು ಅದರ ಜೊತೆಗೇ ಇಳಿಯುತ್ತದೆ. ಗೋಡೆಯಲ್ಲಿ ತೂತಿದ್ದರೆ ಹೀಗೆ ಸುಲಭವಾಗಿ ಮಾಯವಾಗುವುದಿಲ್ಲ. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯಲ್ಲಂತೂ ನಿಂತಾಗ ಸದ್ದು ಇನ್ನೂ ಜೋರಾಗುತ್ತದೆ. ಆದ್ದರಿಂದ ಈ ಮಲಗಿಸಿ, ಕೂರಿಸಿ, ನಿಲ್ಲಿಸಿ ನೋಡುವುದನ್ನು ನಾನು ಯಾವ ಮಗುವಿನಲ್ಲೂ ಬಿಡುವುದಿಲ್ಲ.

ಕೊನೆಯದಾಗಿ ‘ಡಬ್’ ಸದ್ದನ್ನೇ ಗಮನಿಸಿದೆ. ಅದು ಎರಡು ಕವಾಟಗಳು ಮುಚ್ಚುವ ಸದ್ದು. ಉಸಿರು ಒಳಗೆ ಎಳೆದಾಗ ಎರಡೂ ಸ್ವಲ್ಪ ಬಿಡಿಬಿಡಿಯಾಗಿ, ಉಸಿರು ಬಿಟ್ಟಾಗ ಸೇರಿ ಒಂದಾಗಿ ಕೇಳಬೇಕು. ಹುಡುಗನಲ್ಲಿ ಹಾಗೆಯೇ ಇತ್ತು. ಕಣ್ಣಿನ ಕೆಳರೆಪ್ಪೆ ಸ್ವಲ್ಪ ಬಿಳಿಚಿಕೊಂಡಿತ್ತು, ಹಿಮೋಗ್ಲೋಬಿನ್ ನೋಡಿಸಿದರೆ 10.2 ಬಂತು. ಐದು ವರ್ಷದೊಳಗಿನವರಿಗೆ 11 ಇರಬೇಕು. ರಕ್ತ ಕಡಿಮೆಯಿದ್ದರೆ ಹೃದಯ ಜೋರಾಗಿ ತಳ್ಳಬೇಕಾಗುತ್ತದೆ, ಸದ್ದೂ ಏರುತ್ತದೆ. ಕಬ್ಬಿಣದ ಸಿರಪ್, ಜಂತುಹುಳುವಿನ ಮಾತ್ರೆ ಕೊಟ್ಟು, ಎಕೋ ಬರೆಯದೆ ಕಳಿಸಿದೆ. ಎರಡು ತಿಂಗಳ ನಂತರ ಹಿಮೋಗ್ಲೋಬಿನ್ 11.6. ಮಲಗಿಸಿದಾಗಲೂ ಸದ್ದು ಗ್ರೇಡ್ 1ಕ್ಕೆ ಇಳಿದಿತ್ತು.

ಆ ಡಾಕ್ಟರು ಗ್ರೇಡ್ 3 ಅಂದರು, ನೀವು 2 ಅಂತೀರಿ. ಯಾರು ಸರಿ?

ಇಬ್ಬರೂ ಸರಿ ಇರಬಹುದು. ಜ್ವರದಲ್ಲಿ ನಾಡಿ ಓಡುತ್ತದೆ, ಸದ್ದು ಒಂದು ಮೆಟ್ಟಿಲು ಮೇಲೇರುತ್ತದೆ. ಅಳುತ್ತಿರುವ ಮಗು, ಗಲಾಟೆಯ ಕೊಠಡಿ ಇವೆಲ್ಲ ಸೇರಿದರೆ ಅಂದಾಜು ಇನ್ನೂ ಕಷ್ಟ. ಜ್ವರದ ದಿನ ಕೇಳಿದ ಸದ್ದಿನ ಮೇಲೆ, ಮಗು ಬೇರೆಲ್ಲ ರೀತಿಯಲ್ಲಿ ಸರಿಯಿದ್ದರೆ, ನಾನು ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಎರಡು ವಾರ ಬಿಟ್ಟು ಮತ್ತೆ ಕೇಳುತ್ತೇನೆ.

1ರಿಂದ 6ರವರೆಗಿನ ಈ ಗ್ರೇಡ್ ಲೆಕ್ಕವನ್ನು 1933ರಲ್ಲಿ ಬಳಕೆಗೆ ತಂದವರು ಅಮೆರಿಕದ ಹೃದಯ ವೈದ್ಯ ಸ್ಯಾಮ್ಯುಯೆಲ್ ಲೆವೈನ್. 4 ಮತ್ತು ಅದಕ್ಕೆ ಮೇಲ್ಪಟ್ಟರೆ ಎದೆ ಮುಟ್ಟಿದ ಕೈಗೆ ಅದುರುವಿಕೆ ಸಿಗುತ್ತದೆ, ಅದಕ್ಕೆ ಎಕೋ ಬೇಕೇ ಬೇಕು. ಆದರೆ ಇದು ಸದ್ದಿನ ಗಟ್ಟಿತನದ ಅಳತೆಯೇ ಹೊರತು ಕಾಯಿಲೆಯ ಅಳತೆಯಲ್ಲ. ಕೆಳಗಿನ ಎರಡು ಕೋಣೆಗಳ ನಡುವಿನ ಚಿಕ್ಕ ತೂತು ಭಾರೀ ಸದ್ದು ಮಾಡುತ್ತದೆ, ಬಹಳಷ್ಟು ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ದೊಡ್ಡ ತೂತು ಕೆಲವೊಮ್ಮೆ ಮೆತ್ತಗಿರುತ್ತದೆ, ಮಗುವನ್ನು ಹೈರಾಣ ಮಾಡುತ್ತದೆ.

ಹಾಗಾದರೆ ಎಂಥ ಸದ್ದಿಗೆ ಎಕೋ ಮಾಡಿಸಲೇಬೇಕು?

ಲಬ್‌ನಿಂದ ಡಬ್‌ವರೆಗೆ ನಡುವೆ ಬಿಡುವೇ ಇಲ್ಲದೆ ತುಂಬಿಕೊಂಡಿರುವ ಸದ್ದು, ಡಬ್ ಆದಮೇಲೆ ಬರುವ ಸದ್ದು, ಒರಟು ಸದ್ದು, ಬೆನ್ನಿಗೋ ಕಂಕುಳಿಗೋ ಹರಡುವ ಸದ್ದು, ಜೊತೆಗೆ ‘ಟಿಕ್’ ಎಂಬ ಕ್ಲಿಕ್ ಇರುವ ಸದ್ದು, ನಿಂತಾಗ ಏರುವ ಸದ್ದು. ಇವಕ್ಕೆ ಎಕೋ ಆಗಲೇಬೇಕು. ಇದು ಡಾಕ್ಟರು ಕೇಳಿ ಹೇಳಬೇಕಾದ ವಿಷಯ, ನೀವು ಮನೆಯಲ್ಲಿ ಎದೆಗೆ ಕಿವಿಯಿಟ್ಟು ಪತ್ತೆ ಮಾಡುವಂಥದ್ದಲ್ಲ. ಅಜ್ಜಿ ಕಿವಿಯಿಟ್ಟು ‘ದಡದಡ ಅಂತಿದೆ’ ಅಂದರೆ ಅದು ಬರೀ ಬಡಿತ.

ಮನೆಯಲ್ಲಿ ನೀವು ನೋಡಬಹುದಾದದ್ದು ಬೇರೆ ಇದೆ, ಅದು ಸದ್ದಿಗಿಂತ ಮುಖ್ಯ. ಓಡುವಾಗ ಮಗು ಎಚ್ಚರ ತಪ್ಪಿ ಬಿದ್ದಿದೆಯಾ? ಜೊತೆಯ ಮಕ್ಕಳು ಆಡುತ್ತಿರುವಾಗ ಇವನು ಮಾತ್ರ ಕೂತುಬಿಡುತ್ತಾನಾ? ತೂಕ ಏರುತ್ತಿಲ್ಲವಾ? ನಾಲಿಗೆ, ತುಟಿಯ ಒಳಭಾಗ ನೀಲಿಯಾಗುತ್ತದಾ? ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ, ಒಡಹುಟ್ಟಿದವರಿಗೆ ಹೃದಯದ ದೋಷ ಇತ್ತಾ? ಇದರಲ್ಲಿ ಒಂದಕ್ಕಾದರೂ ‘ಹೌದು’ ಎಂದಾದರೆ ಸದ್ದು ಎಷ್ಟೇ ಮೆತ್ತಗಿದ್ದರೂ ಹೃದಯವನ್ನು ಸರಿಯಾಗಿ ತಪಾಸಣೆ ಮಾಡಿಸಲೇಬೇಕು. ಓಡುವಾಗ ಎಚ್ಚರ ತಪ್ಪಿದ್ದರೆ ತೋರಿಸುವ ತನಕ ಆಟ ನಿಲ್ಲಿಸಿ. ಡೌನ್ ಸಿಂಡ್ರೋಮ್ ಇರುವ ಮಗುವಿಗಂತೂ ಸದ್ದು ಇರಲಿ ಬಿಡಲಿ, ಹುಟ್ಟಿದ ಕೂಡಲೇ ಎಕೋ ಆಗಬೇಕು.

ನೀಲಿಯ ಬಗ್ಗೆ ಒಂದು ಮಾತು. ಡಿಸೆಂಬರ್ ಬೆಳಿಗ್ಗೆ ಮೂಡಿಗೆರೆ, ಸಕಲೇಶಪುರದ ಚಳಿಯಲ್ಲಿ ಮಗುವಿನ ಬೆರಳು, ಪಾದ, ತುಟಿಯ ಸುತ್ತಲ ಚರ್ಮ ನೀಲಿಗಟ್ಟುವುದು ಸಹಜ. ಬೆಚ್ಚಗೆ ಹೊದಿಸಿದರೆ ಹೋಗುತ್ತದೆ. ನೋಡಬೇಕಾದದ್ದು ನಾಲಿಗೆ. ನಾಲಿಗೆ ನೀಲಿಯಿದ್ದರೆ ಅದೇ ದಿನ ಆಸ್ಪತ್ರೆಗೆ ಹೊರಡಿ.

ಸದ್ದು ಮೆತ್ತಗಿದೆ, ಮಗು ಚೆನ್ನಾಗಿದೆ. ಆದರೂ ಎಕೋ ಬರೆದಿದ್ದಾರೆ. ಯಾಕೆ?

ಮೆತ್ತಗಿನ ಸದ್ದುಗಳಲ್ಲಿ ಒಂದು ಮೋಸಗಾರ ಇದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ತೂತು, ಚೀಟಿಯಲ್ಲಿ ‘ಎಎಸ್‌ಡಿ’ ಎಂದು ಬರೆಯುತ್ತೇವೆ. ಅದರ ಸದ್ದು ತೂತಿನದೇ ಅಲ್ಲ. ತೂತಿನಿಂದಾಗಿ ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ಹೋಗುತ್ತದೆ, ಆ ಹೆಚ್ಚಿನ ಹರಿವು ಕವಾಟದಲ್ಲಿ ಸದ್ದು ಮಾಡುತ್ತದೆ. ಹಾಗಾಗಿ ಅದು ನಿರಪಾಯ ಸದ್ದಿನಂತೆಯೇ ಸೌಮ್ಯ, ಎದೆಯ ಎಡ ಮೇಲ್ಭಾಗದಲ್ಲಿ ಕೇಳುತ್ತದೆ. ಮಗು ಆಡಿಕೊಂಡು ಚೆನ್ನಾಗಿಯೇ ಇರುತ್ತದೆ, ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಗುಟ್ಟು ಬಿಟ್ಟುಕೊಡುವುದು ‘ಡಬ್’. ಮೇಲೆ ಹೇಳಿದಂತೆ ಅದು ಉಸಿರಿನ ಜೊತೆ ಬಿಡಿಯಾಗಿ ಮತ್ತೆ ಒಂದಾಗಬೇಕು. ಎಎಸ್‌ಡಿಯಲ್ಲಿ ಉಸಿರು ಎಳೆದರೂ ಬಿಟ್ಟರೂ ಅದು ಎರಡಾಗಿಯೇ ಉಳಿಯುತ್ತದೆ. ಇಸಿಜಿಯಲ್ಲೂ ಹೃದಯದ ಬಲಭಾಗಕ್ಕೆ ಹೊರೆ ಬಿದ್ದಿರುವ ಗುರುತು ಸಿಗಬಹುದು. ಆರು ವರ್ಷದ ಒಂದು ಹುಡುಗಿಯ ಸದ್ದು ಆಲೂರಿನ ಹುಡುಗನದಕ್ಕಿಂತಲೂ ಮೆತ್ತಗಿತ್ತು, ಆದರೆ ನಿಲ್ಲಿಸಿದರೂ ಬದಲಾಗಲಿಲ್ಲ, ಡಬ್ ಒಂದಾಗಲಿಲ್ಲ. ಎಕೋದಲ್ಲಿ ಎಎಸ್‌ಡಿ ಕಂಡಿತು. ತೊಡೆಯ ರಕ್ತನಾಳದಿಂದ ತೆಳುವಾದ ನಳಿಕೆ ಕಳಿಸಿ, ಕೊಡೆಯಂಥ ಸಾಧನ ಬಿಚ್ಚಿ ತೂತು ಮುಚ್ಚಿದರು, ಎದೆ ಕೊಯ್ಯಲಿಲ್ಲ. ಎಲ್ಲ ಎಎಸ್‌ಡಿಗೂ ಇದು ಹೊಂದುವುದಿಲ್ಲ, ತೂತಿನ ಜಾಗ ಮತ್ತು ಅಂಚು ಅನುಕೂಲವಾಗಿರಬೇಕು.

ಎಕೋ ಬರೆದರು ಎಂದರೆ ದೋಷ ಇದೆ ಎಂದು ಅರ್ಥವಲ್ಲ. ಡಬ್ ಸರಿಯಾಗಿ ಕೇಳಲು ಮಗು ಒಂದು ನಿಮಿಷವಾದರೂ ಸುಮ್ಮನಿರಬೇಕು. ಎರಡು ವರ್ಷದ ಮಗು ಸುಮ್ಮನಿರುವುದಿಲ್ಲ. ಅಂಥಲ್ಲಿ ಅನುಮಾನ ಉಳಿಸಿಕೊಳ್ಳುವ ಬದಲು ಎಕೋ ಬರೆಯುವುದೇ ಸರಿ.

ಹಸುಗೂಸಿನ ಎದೆಯಲ್ಲಿ ಸದ್ದು ಇದ್ದರೆ?

ಇಲ್ಲಿ ನಾನು ಕಾಯುವುದಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿರುತ್ತದೆ, ಹಾಗಾಗಿ ದೊಡ್ಡ ತೂತು ಇದ್ದರೂ ಅದರ ಮೂಲಕ ಹೆಚ್ಚು ರಕ್ತ ಹರಿಯುವುದಿಲ್ಲ, ಸದ್ದೂ ಇರುವುದಿಲ್ಲ. ಎರಡರಿಂದ ಆರು ವಾರದೊಳಗೆ ಆ ಒತ್ತಡ ಇಳಿದಂತೆ ಹರಿವು, ಸದ್ದು, ಉಸಿರುಗಟ್ಟು ಎಲ್ಲ ಶುರುವಾಗುತ್ತವೆ. ‘ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲ ಸರಿ ಇದೆ ಅಂದಿದ್ದರು’ ಎಂಬ ದೂರಿಗೆ ಬಹಳ ಸಲ ಕಾರಣ ಇದು.

ಬಾಣಂತನಕ್ಕೆ ತವರಿಗೆ ಬಂದಿರುವವರು ಗಮನಿಸಬೇಕಾದದ್ದು ಹಾಲು ಕುಡಿಯುವ ರೀತಿ. ನಾಲ್ಕು ಗುಟುಕು ಕುಡಿದು ಏದುಸಿರು ಬಿಟ್ಟು ನಿಲ್ಲಿಸುವುದು, ಅರ್ಧ ಗಂಟೆ ಕಳೆದರೂ ಹೊಟ್ಟೆ ತುಂಬದಿರುವುದು, ಸೆಕೆಯಿಲ್ಲದಿದ್ದರೂ ಹಣೆಯ ಮೇಲೆ ಬೆವರ ಹನಿ ನಿಲ್ಲುವುದು. ಮೊದಲ ಮೂರು ತಿಂಗಳು ಮಗು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು, ಹೃದಯದ ತೊಂದರೆಯಿರುವ ಮಗು ಏರುವುದಿಲ್ಲ. ಉಸಿರನ್ನು ಮಗು ಮಲಗಿದ್ದಾಗ ಹೊಟ್ಟೆ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಅದಕ್ಕಿಂತ ದೊಡ್ಡ ಮಕ್ಕಳಿಗೆ ಐದು ವರ್ಷದವರೆಗೆ 40. ಅಷ್ಟು ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಈ ಎಣಿಕೆ ಗೊತ್ತಿರುತ್ತದೆ, ಅವರನ್ನೇ ಕರೆದು ಎಣಿಸಿ.

ಹಸುಗೂಸುಗಳಲ್ಲೂ ನಿರಪಾಯ ಸದ್ದು ಇದೆ. ಶ್ವಾಸಕೋಶಕ್ಕೆ ಹೋಗುವ ಕವಲು ನಾಳಗಳು ಇನ್ನೂ ಸಣ್ಣದಿರುವುದರಿಂದ ಬರುವ ಅದು ಸಾಮಾನ್ಯವಾಗಿ ಆರು ತಿಂಗಳೊಳಗೆ ಹೋಗುತ್ತದೆ. ಆದರೆ ಅದನ್ನು ಅದೇ ಎಂದು ಗುರುತಿಸುವುದು ಎಕೋ ಆದಮೇಲೆ ಆಗಲಿ.

ಮುಂಚೆ ಇರಲಿಲ್ಲ, ಈಗ ಹತ್ತು ವರ್ಷಕ್ಕೆ ಸದ್ದು ಬಂದಿದೆಯಂತೆ.

ಐದರಿಂದ ಹದಿನೈದು ವರ್ಷದ ಮಗುವಿನಲ್ಲಿ ಹೊಸ ಸದ್ದು ಎಂದರೆ ನಮ್ಮ ಕಡೆ ಒಂದು ಪ್ರಶ್ನೆ ಕೇಳಲೇಬೇಕು: ಈಚೆಗೆ ಗಂಟಲು ನೋವು, ಜ್ವರ ಬಂದು, ಕೆಲವು ವಾರಗಳ ನಂತರ ಮಂಡಿ, ಕಾಲಿನ ಗಿಣ್ಣು, ಮೊಣಕೈ ಹೀಗೆ ಒಂದಾದಮೇಲೊಂದು ಕೀಲು ಊದಿ ನೋವಾಗಿತ್ತಾ? ಹೌದಾದರೆ ರುಮಾಟಿಕ್ ಜ್ವರದ ಅನುಮಾನ. ಅದು ಹೃದಯದ ಎಡಗಡೆಯ ಕವಾಟವನ್ನು ಹಾಳು ಮಾಡುತ್ತದೆ, ಎದೆಯ ಎಡತುದಿಯಲ್ಲಿ ಹುಟ್ಟಿ ಕಂಕುಳಿನ ಕಡೆ ಹರಡುವ ಸದ್ದು ಬರುತ್ತದೆ. ಎಕೋ ತಡಮಾಡಬಾರದು. ಕವಾಟಕ್ಕೆ ಪೆಟ್ಟಾಗಿದ್ದರೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ವರ್ಷಗಳ ಕಾಲ ಬೇಕಾಗುತ್ತದೆ. ಕೀಲು ನೋವು ಹೋಯಿತೆಂದು ಇಂಜೆಕ್ಷನ್ ಬಿಡುವವರು ಬಹಳ. ಮತ್ತೆ ಜ್ವರ ಬಂದಾಗ ಕವಾಟ ಇನ್ನಷ್ಟು ಕೆಡುತ್ತದೆ.

ಎಕೋದಿಂದ ತೊಂದರೆಯಿಲ್ಲ ಅಂತೀರಲ್ಲ, ಎಲ್ಲರಿಗೂ ಒಂದು ಮಾಡಿಸಿಬಿಟ್ಟರೆ ಆಗದಾ?

ಎಕೋ ಎಂದರೆ ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿನಂಥದ್ದೇ, ವಿಕಿರಣವಿಲ್ಲ, ನೋವಿಲ್ಲ. ತೊಂದರೆ ಮೆಷಿನ್ನಿನಲ್ಲಿ ಅಲ್ಲ, ರಿಪೋರ್ಟಿನಲ್ಲಿ. ದೊಡ್ಡವರ ಎಕೋ ಮಾತ್ರ ಮಾಡಿ ಅಭ್ಯಾಸವಿರುವ ಕಡೆ ಮಗುವಿನದು ಮಾಡಿಸಿದರೆ ಎರಡು ಥರ ಎಡವಟ್ಟಾಗುತ್ತದೆ. ಒಂದೋ ಇರುವ ದೋಷ ತಪ್ಪಿಹೋಗುತ್ತದೆ, ಇಲ್ಲವೇ ಸಹಜವಾದದ್ದನ್ನು ದೋಷದಂತೆ ಬರೆಯುತ್ತಾರೆ.

ಎರಡನೆಯದು ಹೇಗೆ ಬೆಳೆಯುತ್ತದೆ ನೋಡಿ. ರಿಪೋರ್ಟಿನಲ್ಲಿ ‘ಟ್ರಿವಿಯಲ್ ಟಿಆರ್’ ಎಂದು ಬರುತ್ತದೆ. ಬಲಗಡೆ ಕವಾಟದಲ್ಲಿ ಚೂರು ರಕ್ತ ಹಿಂದಕ್ಕೆ ಸರಿಯುತ್ತದೆ ಎಂದರ್ಥ, ಆರೋಗ್ಯವಂತ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ಮನೆಯಲ್ಲಿ ಅದು ‘ವಾಲ್ವ್ ಲೀಕ್’ ಆಗುತ್ತದೆ. ಮಗುವನ್ನು ಓಡಲು ಬಿಡುವುದಿಲ್ಲ, ಶಾಲೆಯ ಪಿಟಿ ಪೀರಿಯಡ್ ನಿಲ್ಲುತ್ತದೆ, ಆರು ತಿಂಗಳಿಗೊಮ್ಮೆ ಮತ್ತೆ ಎಕೋ. ಏನೂ ಇಲ್ಲದ ಹೃದಯ ಇಡೀ ಬಾಲ್ಯವನ್ನು ರೋಗಿಯ ಹಣೆಪಟ್ಟಿ ಹೊತ್ತು ಕಳೆಯುತ್ತದೆ. ಅಮೆರಿಕದ ಹೃದಯ ವೈದ್ಯರ ಸಂಘಗಳು 2014ರಲ್ಲಿ ಮಕ್ಕಳ ಎಕೋ ಬಗ್ಗೆ ಮಾಡಿದ ಮಾರ್ಗಸೂಚಿಯಲ್ಲಿ, ಲಕ್ಷಣಗಳಿಲ್ಲದ, ಕುಟುಂಬದಲ್ಲಿ ಹೃದಯದ ಕಾಯಿಲೆಯಿಲ್ಲದ, ತಪಾಸಣೆಯಲ್ಲಿ ನಿರಪಾಯವೆಂದು ಕಂಡ ಸದ್ದಿಗೆ ಎಕೋ ಬೇಕಾಗುವುದು ವಿರಳ ಎಂದೇ ಹೇಳಿದ್ದಾರೆ.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಎಷ್ಟು ಹೇಳಿದರೂ ಸಮಾಧಾನವಾಗದೆ ರಾತ್ರಿಯೆಲ್ಲ ಮಗುವಿನ ಎದೆಯ ಮೇಲೆ ಕೈಯಿಟ್ಟುಕೊಂಡು ಕೂರುವ ಅಮ್ಮಂದಿರಿದ್ದಾರೆ. ಅವರಿಗೆ ಮಕ್ಕಳ ಹೃದಯ ತಜ್ಞರಿಂದ ಒಂದೇ ಒಂದು ಎಕೋ ಮಾಡಿಸಿ, ಅಲ್ಲಿಗೆ ಮುಗಿಸುವುದರಲ್ಲಿ ತಪ್ಪಿಲ್ಲ.

ರಿಪೋರ್ಟಿನಲ್ಲಿ ‘ಪಿಎಫ್‌ಒ’ ಅಂತಿದೆ. ಅದು ತೂತೇ ತಾನೆ?

ಹೊಟ್ಟೆಯಲ್ಲಿರುವಾಗ ಮಗು ಉಸಿರಾಡುವುದಿಲ್ಲ. ಅದಕ್ಕೇ ರಕ್ತ ಶ್ವಾಸಕೋಶ ಬಿಟ್ಟು ಅಡ್ಡದಾರಿಯಲ್ಲಿ ಹೋಗಲು ಎಲ್ಲ ಮಕ್ಕಳಿಗೂ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ. ಹುಟ್ಟಿದ ಮೇಲೆ ಅದರ ಪರದೆ ಅಂಟಿಕೊಂಡು ಮುಚ್ಚುತ್ತದೆ. ನಾಲ್ವರಲ್ಲಿ ಒಬ್ಬರಿಗೆ ದೊಡ್ಡವರಾದ ಮೇಲೂ ಪೂರ್ತಿ ಮುಚ್ಚಿರುವುದಿಲ್ಲ, ಅವರಿಗೆ ಅದು ಗೊತ್ತೂ ಇರುವುದಿಲ್ಲ. ಆರೋಗ್ಯವಂತ ಮಗುವಿಗೆ ಇದಕ್ಕೆ ಔಷಧಿಯೂ ಬೇಡ, ಆಪರೇಷನ್ನೂ ಬೇಡ. ರಿಪೋರ್ಟಿನಲ್ಲಿ ‘ಪಿಎಫ್‌ಒ ಅಥವಾ ಚಿಕ್ಕ ಎಎಸ್‌ಡಿ’ ಎಂದು ಎರಡೂ ಬರೆದಿದ್ದರೆ ಮಾತ್ರ ಮಕ್ಕಳ ಹೃದಯ ತಜ್ಞರಿಗೆ ತೋರಿಸಿ ಯಾವುದೆಂದು ಖಚಿತ ಮಾಡಿಕೊಳ್ಳಿ.

ಎಕೋಗೆ ಎಲ್ಲಿಗೆ ಹೋಗಬೇಕು? ಖರ್ಚು?

ಚೀಟಿ ಶಾಲೆ ಅಥವಾ ಅಂಗನವಾಡಿಯ ತಪಾಸಣೆಯಲ್ಲಿ ಬಂದಿದ್ದರೆ ಅದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದಿರಬಹುದು. 2013ರಲ್ಲಿ ಶುರುವಾದ ಇದರಲ್ಲಿ 18 ವರ್ಷದವರೆಗಿನ ಮಕ್ಕಳ ಹುಟ್ಟಿನ ಹೃದಯದೋಷ, ರುಮಾಟಿಕ್ ಹೃದಯ ಕಾಯಿಲೆ ಎರಡೂ ಸೇರಿವೆ. ಆ ಚೀಟಿಯನ್ನು ಕಳೆಯಬೇಡಿ, ಮುಂದಿನ ಉಚಿತ ಚಿಕಿತ್ಸೆಗೆ ದಾರಿ ಅದೇ. ಅದನ್ನು ಹಿಡಿದು ಮೊದಲು ಹಾಸನ ಅಥವಾ ಚಿಕ್ಕಮಗಳೂರಿನ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ, ಒಬ್ಬ ಮಕ್ಕಳ ಡಾಕ್ಟರು ನಿಧಾನವಾಗಿ ಕೇಳಲಿ. ಅರ್ಧದಷ್ಟು ಆತಂಕ ಅಲ್ಲೇ ಕಳೆಯುತ್ತದೆ.

ದೋಷದ ಅನುಮಾನ ಗಟ್ಟಿಯಾದರೆ ಮೈಸೂರು ಅಥವಾ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಕಳಿಸುತ್ತೇವೆ. ಬೆಂಗಳೂರಿನ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವುದಿಲ್ಲ. ಹೊರಡುವಾಗ ರೇಷನ್ ಕಾರ್ಡ್, ಆಧಾರ್, ತಾಯಿ ಕಾರ್ಡ್, ಹಳೆಯ ಚೀಟಿಗಳೆಲ್ಲ ಒಂದೇ ಕವರಿನಲ್ಲಿರಲಿ.

ಮಗು ಹೆದರಿ ಅಳುತ್ತದೆ. ಮಲಗಿಸುವ ಔಷಧಿ ಕೊಡುತ್ತಾರಾ?

ಎದೆಗೆ ಜೆಲ್ ಹಚ್ಚಿ ಒಂದು ಕಡ್ಡಿಯನ್ನು ಅಲ್ಲಿಲ್ಲಿ ಆಡಿಸುತ್ತಾರೆ, ಕೊಠಡಿ ಮಬ್ಬಾಗಿರುತ್ತದೆ. ಮಕ್ಕಳ ಎಕೋ ಅರ್ಧ ಗಂಟೆಯವರೆಗೂ ಹಿಡಿಯಬಹುದು. ಮೂರು ವರ್ಷ ದಾಟಿದವರು ಫೋನಿನಲ್ಲಿ ಕಾರ್ಟೂನ್ ನೋಡುತ್ತಾ ಸುಮ್ಮನಿರುತ್ತಾರೆ. ಹಸುಗೂಸಿಗೆ ಹಾಲು ಕುಡಿಸಿ, ಮಲಗಿದಾಗ ಮಾಡಿದರೆ ಸಾಕು. ನಡುವಿನ ಒಂದು ಎರಡು ವರ್ಷದವರೇ ಕಷ್ಟ, ಅವರಿಗೆ ಕೆಲವೊಮ್ಮೆ ನಿದ್ದೆಯ ಸಿರಪ್ ಬೇಕಾಗುತ್ತದೆ. ಅದನ್ನು ಆಸ್ಪತ್ರೆಯಲ್ಲೇ, ಅವರ ಕಣ್ಣೆದುರೇ ಕೊಡಬೇಕು. ಬಸ್ಸಿನಲ್ಲಿ ಬರುವಾಗಲೇ ಕುಡಿಸಿಕೊಂಡು ಬರಬೇಡಿ. ಸಿರಪ್ ಕೊಡುವುದಿದ್ದರೆ ಎಷ್ಟು ಹೊತ್ತು ಹಸಿದಿರಬೇಕು ಎಂದು ಹಿಂದಿನ ದಿನವೇ ಕೇಳಿಕೊಳ್ಳಿ.

ನಿರಪಾಯ ಸದ್ದು ಯಾವಾಗ ಹೋಗುತ್ತದೆ?

ಹೆಚ್ಚಿನವರಲ್ಲಿ ಹದಿಹರೆಯಕ್ಕೆ ಬರುವ ಹೊತ್ತಿಗೆ ಕೇಳಿಸದಾಗುತ್ತದೆ. ಕೆಲವರಲ್ಲಿ ಉಳಿಯುತ್ತದೆ, ಉಳಿದರೂ ತೊಂದರೆಯಿಲ್ಲ. ನಡುವೆ ಜ್ವರ ಬಂದಾಗ ಮತ್ತೆ ಜೋರಾಗಿ, ಬೇರೆ ಡಾಕ್ಟರು ಮತ್ತೆ ಚೀಟಿ ಬರೆಯುವುದುಂಟು. ಅದಕ್ಕೇ ಮೊದಲ ಸಲ ತೀರ್ಮಾನವಾದಾಗಲೇ ‘ನಿರಪಾಯ ಮರ್ಮರ್, ಎಕೋ ಅಗತ್ಯವಿಲ್ಲ’ ಎಂದು ತಾರೀಖಿನ ಸಮೇತ ಬರೆಸಿಕೊಂಡು ಲಸಿಕೆ ಕಾರ್ಡಿನ ಜೊತೆ ಇಟ್ಟುಕೊಳ್ಳಿ.

ಕಬಡ್ಡಿ ಆಡಬಹುದಾ? ಲಸಿಕೆ? ಹಲ್ಲು ಕೀಳಿಸುವಾಗ?

ಕಬಡ್ಡಿ, ಈಜು, ಓಟ ಎಲ್ಲ ಆಡಲಿ. ಲಸಿಕೆಗಳನ್ನು ಸಮಯಕ್ಕೆ ಹಾಕಿಸಿ. ಹಲ್ಲಿನ ಚಿಕಿತ್ಸೆಗೆ ಮುಂಚೆ ಕೆಲವು ಹೃದಯದೋಷದ ಮಕ್ಕಳಿಗೆ ಆ್ಯಂಟಿಬಯಾಟಿಕ್ ಕೊಡುತ್ತಾರೆ, ನಿರಪಾಯ ಸದ್ದಿನವರಿಗೆ ಅದು ಬೇಡ. ಯಾವುದಾದರೂ ಆಪರೇಷನ್ನಿಗೆ ಅರಿವಳಿಕೆ ಕೊಡುವ ಮೊದಲು ಆ ಬರೆಸಿಕೊಂಡ ಚೀಟಿಯನ್ನು ತೋರಿಸಿದರೆ ಸಾಕು.